ಏಳೋ ಒಂದೋ? ಕಾರ್ಯದರ್ಶಿಯ ವಿನಂತಿ
"ಮಾನ್ಯರೇ, ನಿಮ್ಮ ನಾಮನಿರ್ದೇಶನ ಫಾರ್ಮಿನ ಫೋಟೊ ತಲುಪಿತು, ಧನ್ಯವಾದ. ಮೊಬೈಲ್ ಸಂಖ್ಯೆಯ ಕೊನೆಯ ಅಂಕಿ 1 ಅಥವಾ 7 ಎಂಬುದು ಸ್ಪಷ್ಟವಾಗುತ್ತಿಲ್ಲ. ಊಹೆಯಿಂದ ಕಂಪ್ಯೂಟರಿಗೆ ಏರಿಸುವುದು ಸರಿಯಲ್ಲ. ದಯವಿಟ್ಟು ಫಾರ್ಮನ್ನು ಕಿಟಕಿಯ ಬಳಿ ಮೇಜಿನ ಮೇಲೆ ಹರಡಿ, ನಿಮ್ಮ ನೆರಳು ಬೀಳದಂತೆ, ನಾಲ್ಕೂ ಮೂಲೆ ಕಾಣುವಂತೆ ನೇರವಾಗಿ ಮೇಲಿನಿಂದ ಫೋಟೊ ತೆಗೆದು ಕಳಿಸಿ."

ಗೃಹನಿರ್ಮಾಣ ಸಂಘದ ಕಾರ್ಯದರ್ಶಿ ಬರೆಯಬೇಕಾದ್ದು ಹೀಗೆ. ಯಾವ ಅಂಕಿ ಎಂದು ತೋರಿಸದೆ 'ಫೋಟೊ ಸರಿಯಿಲ್ಲ' ಎಂದರೆ, ಸದಸ್ಯರು ಅದೇ ಮಸುಕು ಚಿತ್ರವನ್ನು ಮತ್ತೆ ಕಳಿಸಿಬಿಡುತ್ತಾರೆ.

ಎಷ್ಟೋ ಸಲ ತಪ್ಪು ಕ್ಯಾಮೆರಾದ್ದಲ್ಲ. ವಾಟ್ಸ್ಆ್ಯಪ್ ಸಾಮಾನ್ಯವಾಗಿ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ. ಸಣ್ಣ ಕೈಬರಹ ಆಗಲೇ ಕಲಸಿಹೋಗುವುದು. ಅದನ್ನೇ 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಮೂಲ ಚಿತ್ರವೇ ತಲುಪುತ್ತದೆ. ಈ ಒಂದು ಸಾಲನ್ನೂ ಪತ್ರದಲ್ಲಿ ಸೇರಿಸಬೇಕು.