ಮೊದಲು ಉತ್ತರ, ಆಮೇಲೆ ಲೆಕ್ಕ

ಚೆನ್ನೈಗೆ ಬಂದು ನೆಲೆಸಿದ ನಮಗೆಲ್ಲ ನಾಲ್ಕು ಕೆರೆಗಳ ಹೆಸರು ಬಾಯಿಪಾಠ: ಪೂಂಡಿ, ಚೋಳಾವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ. ಎಲ್ಲ ತುಂಬಿದರೆ 11,257 ದಶಲಕ್ಷ ಘನ ಅಡಿ ನೀರು. ಮೆಟ್ರೋ ವಾಟರ್‌ನವರು ಇವುಗಳ ಮಟ್ಟವನ್ನು ದಿನವೂ ಪಟ್ಟಿ ಮಾಡಿ ಪ್ರಕಟಿಸುತ್ತಾರೆ. ಪಟ್ಟಿಯಲ್ಲಿ ತಪ್ಪೇನಿಲ್ಲ. ಆದರೆ ಘನ ಅಡಿಯ ಲೆಕ್ಕ ನೋಡಿ 'ನಾಳೆ ನಮ್ಮ ನಲ್ಲಿಯಲ್ಲಿ ನೀರು ಬರುತ್ತದೆಯೇ' ಎಂದು ತಿಳಿದುಕೊಳ್ಳುವವರು ಎಷ್ಟು ಜನ? 2019ರ ಜೂನ್‌ನಲ್ಲಿ ಆ ನಾಲ್ಕೂ ಕೆರೆಗಳಲ್ಲಿ ಸೇರಿ ಶೇಕಡಾ ಒಂದರಷ್ಟೂ ನೀರಿರಲಿಲ್ಲ. ಜನರಿಗೆ ಅರ್ಥವಾದದ್ದು ಪಟ್ಟಿಯ ಅಂಕಿಗಳಿಂದಲ್ಲ, 'ಕೆರೆಗಳು ಬತ್ತಿವೆ' ಎಂಬ ಎರಡು ಪದಗಳಿಂದ.

ಅಂಕಿ ಅಂಶಗಳ ವಿಶ್ಲೇಷಣೆ ನನ್ನ ಹೊಟ್ಟೆಪಾಡು. ಕಚೇರಿಯಲ್ಲಿ ಬರೆಯುವ ವರದಿಗಳಿಗಿಂತ, ನಮ್ಮ ಅಪಾರ್ಟ್‌ಮೆಂಟಿಗಾಗಿ ಬರೆದ ಒಂದು ಪುಟದ ವರದಿಯನ್ನು ಇಲ್ಲಿ ಉದಾಹರಣೆಯಾಗಿ ಇಡುತ್ತೇನೆ. ಅದನ್ನು ಓದಬೇಕಾದವರು ನಿವೃತ್ತ ಬ್ಯಾಂಕ್ ಅಧಿಕಾರಿಯಾದ ಖಜಾಂಚಿ, ಒಬ್ಬ ಶಾಲಾ ಶಿಕ್ಷಕಿ, ಒಬ್ಬ ಅಂಗಡಿ ಮಾಲೀಕರು. ಅದರ ಮೇಲೆ ಒಂದು ತೀರ್ಮಾನವಾಗಬೇಕಿತ್ತು.

ಪ್ರಶ್ನೆ ಏನಾಗಿತ್ತು

ನಮ್ಮದು ಅರವತ್ತು ಮನೆಗಳ ಸಂಕೀರ್ಣ. ನೀರೆಲ್ಲ ಲಾರಿಯಿಂದ. 12,000 ಲೀಟರಿನ ಲಾರಿ ದಿನಕ್ಕೆ ಮೂರು, ತಿಂಗಳಿಗೆ ತೊಂಬತ್ತು. ಲಾರಿಯೊಂದಕ್ಕೆ 1,500 ರೂಪಾಯಿ. ಖರ್ಚು ಹೆಚ್ಚಿತೆಂದು ಕಮಿಟಿಯ ಕಣ್ಣು ಬಿದ್ದದ್ದು ರಾತ್ರಿ ಪಾಳಿಯ ಹುಡುಗರು ಬಾಡಿಗೆಗಿರುವ ಆರು ಮನೆಗಳ ಮೇಲೆ. ಅವರಿಂದ ಹೆಚ್ಚುವರಿ ಶುಲ್ಕ ವಸೂಲು ಮಾಡಬೇಕೆಂಬ ಮಾತು ಎದ್ದಿತ್ತು. ಅದಕ್ಕೂ ಮೊದಲು ನೀರು ಎಲ್ಲಿಗೆ ಹೋಗುತ್ತಿದೆ ಎಂದು ನೋಡೋಣ ಎಂದಾಗ ಕೆಲಸ ನನ್ನ ಪಾಲಿಗೆ ಬಂತು.

ಬಹಳಷ್ಟು ವರದಿಗಳು ಕೆಲಸ ನಡೆದ ಕ್ರಮದಲ್ಲೇ ಇರುತ್ತವೆ: ಮೊದಲು ಹಿನ್ನೆಲೆ, ಆಮೇಲೆ ಅಳತೆ, ಕೋಷ್ಟಕ, ಕೊನೆಗೆ ಫಲಿತಾಂಶ. ಮಾಡಿದವರಿಗೆ ಅದು ಸಹಜ. ಆದರೆ ಓದುವವರು ಉತ್ತರ ಹುಡುಕುತ್ತಾ ಎರಡನೇ ಪ್ಯಾರಾದಲ್ಲೇ ದಣಿಯುತ್ತಾರೆ. ಹಾಗಾಗಿ ವರದಿ ಹೀಗೆ ಶುರುವಾಯಿತು, ಕನ್ನಡದಲ್ಲಿ ಕೊಡುತ್ತೇನೆ:

> ನಾವು ಕೊಳ್ಳುವ ತೊಂಬತ್ತು ಲಾರಿಗಳಲ್ಲಿ ತಿಂಗಳಿಗೆ 12ರಿಂದ 15 ಲಾರಿ ನೀರು ಯಾರೂ ಬಳಸದೆ ಸೋರಿಹೋಗುತ್ತಿದೆ. ನಷ್ಟ 18,000ದಿಂದ 22,500 ರೂಪಾಯಿ. ಸೋರಿಕೆ ಯಾವ ಮನೆಯದೆಂದು ಈ ಅಳತೆಯಿಂದ ಹೇಳಲಾಗದು. ಆದ್ದರಿಂದ ಇದರ ಆಧಾರದ ಮೇಲೆ ಯಾರಿಗೂ ಶುಲ್ಕ ಹಾಕುವಂತಿಲ್ಲ. ಐದು ಕೆಳಪೈಪುಗಳ ವಾಲ್ವ್‌ಗಳನ್ನು ರಾತ್ರಿಗೊಂದರಂತೆ ಮುಚ್ಚಿ ನೋಡಿದರೆ ಜಾಗ ತಿಳಿಯುತ್ತದೆ.

ಇಲ್ಲಿ ಮೂರು ವಿಷಯ ಗಮನಿಸಿ. ಲೆಕ್ಕ ಬಂದದ್ದು ಲೀಟರಿನಲ್ಲಿ, ಬರೆದದ್ದು ಲಾರಿ ಮತ್ತು ರೂಪಾಯಿಯಲ್ಲಿ. ಖಜಾಂಚಿ ಸಹಿ ಹಾಕುವುದು ಲಾರಿ ಬಿಲ್ಲಿಗೆ ತಾನೆ. ಒಂದೇ ಅಂಕಿಯ ಬದಲು '12ರಿಂದ 15' ಎಂದಿದೆ. ಅನಿಶ್ಚಿತತೆ ಉತ್ತರದ ಒಳಗೇ ಕುಳಿತಿದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ತೀರ್ಮಾನವನ್ನೇ ತಿರುಗಿಸಬಲ್ಲ ಮಿತಿಯನ್ನು ಕೊನೆಯ ಸಾಲಿಗೆ ತಳ್ಳಿಲ್ಲ. 'ಯಾವ ಮನೆ ಎಂದು ಹೇಳಲಾಗದು' ಎಂಬ ಮಾತು ಪುಟದ ಬುಡದಲ್ಲಿದ್ದರೆ, ಅಲ್ಲಿಗೆ ತಲುಪುವ ಮೊದಲೇ ಆರು ಮನೆಗಳಿಗೆ ನೋಟಿಸ್ ಹೋಗಿರುತ್ತಿತ್ತು.

ವಿಧಾನ: ಓದುಗರು ತಾವೇ ಮಾಡಿ ನೋಡುವಷ್ಟು

ಎರಡನೇ ಭಾಗ ವಿಧಾನ. ನೀರು ಸರಬರಾಜು ಮಾಡುವವರು ಸೋರಿಕೆ ಹಿಡಿಯಲು ಬಳಸುವ ಹಳೆಯ ಉಪಾಯವಿದು: ಎಲ್ಲರೂ ಮಲಗಿರುವ ಹೊತ್ತಿನ ಹರಿವನ್ನು ಅಳೆಯುವುದು. ವರದಿಯಲ್ಲಿ ಅದಕ್ಕೆ ಐದೇ ಸಾಲು.

ಹದಿನಾಲ್ಕು ರಾತ್ರಿ, ಒಂದರಿಂದ ನಾಲ್ಕು ಗಂಟೆಯವರೆಗೆ ಪಂಪ್ ನಿಲ್ಲಿಸಿ, ಮಾಳಿಗೆಯ ಟ್ಯಾಂಕಿನ ಮಟ್ಟವನ್ನು ವಾಚ್‌ಮನ್ ಟೇಪಿನಿಂದ ಅಳೆದರು. ಟ್ಯಾಂಕಿನ ಒಳ ಅಳತೆ 5 ಮೀಟರ್ ಉದ್ದ, 2.5 ಮೀಟರ್ ಅಗಲ. ಅಂದರೆ ಮಟ್ಟ 1 ಸೆಂಟಿಮೀಟರ್ ಇಳಿದರೆ 125 ಲೀಟರ್. ಅತಿ ಹೆಚ್ಚು ಇಳಿದ ರಾತ್ರಿ 9 ಸೆಂಟಿಮೀಟರ್, ಅತಿ ಕಡಿಮೆ ಇಳಿದ ರಾತ್ರಿ 6. ಕಡಿಮೆಯದನ್ನೇ ತೆಗೆದುಕೊಂಡೆವು: ಮೂರು ಗಂಟೆಗೆ 750 ಲೀಟರ್, ಗಂಟೆಗೆ 250, ದಿನಕ್ಕೆ 6,000, ತಿಂಗಳಿಗೆ 15 ಲಾರಿ. ಆ ರಾತ್ರಿಯೂ ಗಂಟೆಗೆ 50 ಲೀಟರ್ ನಿಜವಾದ ಬಳಕೆ ಇತ್ತೆಂದುಕೊಂಡರೆ, ಉಳಿಯುವುದು 12 ಲಾರಿ.

ಸರಾಸರಿ ಯಾಕೆ ಬೇಡ? ಸರಾಸರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರ ಸ್ನಾನ, ವಾಷಿಂಗ್ ಮೆಷಿನ್ ಎಲ್ಲವೂ ಸೇರುತ್ತದೆ. ಜನರ ಬಳಕೆ ದಿನದಿಂದ ದಿನಕ್ಕೆ ಏರಿಳಿಯುತ್ತದೆ, ಸೋರಿಕೆ ಹೆಚ್ಚುಕಡಿಮೆ ಒಂದೇ ಸಮನೆ ಇರುತ್ತದೆ. ಅತಿ ಶಾಂತವಾದ ರಾತ್ರಿಯಲ್ಲೇ ಸೋರಿಕೆ ಒಂಟಿಯಾಗಿ ಕಾಣುವುದು. ಈ ಒಂದು ಆಯ್ಕೆಗೆ ಮಾತ್ರ ವರದಿಯಲ್ಲಿ ಕಾರಣ ಬರೆದೆ. ಉತ್ತರವನ್ನು ಬದಲಿಸುವ ಆಯ್ಕೆಗೆ ಕಾರಣ ಬೇಕು. ಟೇಪಿನ ಬ್ರ್ಯಾಂಡ್, ಎಕ್ಸೆಲ್ ಹಾಳೆಯ ಸೂತ್ರಗಳು ಬೇಡ. ಹದಿನಾಲ್ಕು ರಾತ್ರಿಯ ಅಳತೆಗಳನ್ನು, ಕೇಳಿದವರಿಗೆ ಸಿಗುವಂತೆ, ಇನ್ನೊಂದು ಹಾಳೆಯಲ್ಲಿಟ್ಟೆ.

ಮಿತಿಗಳು: ಯಾವ ಕಡೆಗೆ ತಪ್ಪಬಹುದು ಎಂದು ಹೇಳಿ

'ಫಲಿತಾಂಶಗಳಲ್ಲಿ ವ್ಯತ್ಯಾಸವಿರಬಹುದು' ಎಂಬ ವಾಕ್ಯ ಯಾರಿಗೂ ಉಪಯೋಗವಿಲ್ಲ. ಪ್ರತಿ ಮಿತಿಯೂ ಉತ್ತರವನ್ನು ಯಾವ ಕಡೆಗೆ, ಎಷ್ಟು ಸರಿಸಬಹುದು ಎಂದು ಹೇಳಬೇಕು. ನಮ್ಮ ವರದಿಯಲ್ಲಿ ಮೂರಿದ್ದವು.

ಒಂದು, ಈ ಅಳತೆ ಮಾಳಿಗೆಯ ಟ್ಯಾಂಕಿನಿಂದ ಕೆಳಗಿನದು ಮಾತ್ರ. ನೆಲದ ಸಂಪಿನಲ್ಲಿ ಬಿರುಕಿದ್ದರೆ ಆ ನಷ್ಟ ಇದರಲ್ಲಿ ಸೇರಿಲ್ಲ. ಒಟ್ಟು ನಷ್ಟ ಇನ್ನೂ ಹೆಚ್ಚಿರಬಹುದು. ಎರಡು, ಗಂಟೆಗೆ 50 ಲೀಟರ್ ಎಂಬುದು ಅಳೆದದ್ದಲ್ಲ, ಅಂದಾಜು. ಮೂರು ಗಂಟೆಯಲ್ಲಿ ಹದಿನೈದು ಬಾರಿ ಫ್ಲಶ್ ಮಾಡಿದಷ್ಟು. ನಿಜವಾದ ಬಳಕೆ ಅದಕ್ಕಿಂತ ಹೆಚ್ಚಿದ್ದರೆ ಸೋರಿಕೆ 12 ಲಾರಿಗಿಂತ ಕಡಿಮೆ. ಮೂರು, ಟೇಪ್ ಓದುವುದರಲ್ಲಿ ಅರ್ಧ ಸೆಂಟಿಮೀಟರ್ ತಪ್ಪಾದರೆ ಸುಮಾರು 60 ಲೀಟರ್, ಅಂದರೆ ಗಂಟೆಗೆ 20. ಆಚೆಗೂ ಹೋಗಬಹುದು, ಈಚೆಗೂ ಬರಬಹುದು. ಈ ಮೂರರಲ್ಲಿ ಯಾವುದೂ 'ವಾಲ್ವ್ ಮುಚ್ಚಿ ನೋಡಿ' ಎಂಬ ಸಲಹೆಯನ್ನು ಬದಲಿಸುವುದಿಲ್ಲ. ಆದ್ದರಿಂದಲೇ ಅವುಗಳ ಜಾಗ ಕೆಳಗೆ.

ಕಮಿಟಿ ಶುಲ್ಕದ ಮಾತು ಕೈಬಿಟ್ಟು ವಾಲ್ವ್ ಪರೀಕ್ಷೆ ಮಾಡಿಸಿತು. ಐದರಲ್ಲಿ ಎರಡು ಪೈಪುಗಳನ್ನು ಮುಚ್ಚಿದ ರಾತ್ರಿಗಳಲ್ಲಿ ಟ್ಯಾಂಕಿನ ಇಳಿತ ಎದ್ದು ಕಾಣುವಷ್ಟು ಕಡಿಮೆಯಾಯಿತು. ಆ ಸಾಲಿನ ಮನೆಗಳ ಫ್ಲಶ್ ಟ್ಯಾಂಕುಗಳ ರಬ್ಬರ್ ವಾಷರ್ ಸವೆದಿದ್ದವು. ಹುಡುಗರ ಮನೆಗಳಲ್ಲಿ ಒಂದು ಮಾತ್ರ ಆ ಪಟ್ಟಿಯಲ್ಲಿತ್ತು. ರಿಪೇರಿಯ ನಂತರ ಶಾಂತ ರಾತ್ರಿಯ ಇಳಿತ 2 ಸೆಂಟಿಮೀಟರಿಗೆ ಬಂತು, ಲಾರಿ ತಿಂಗಳಿಗೆ ಎಂಬತ್ತಕ್ಕೆ ಇಳಿಯಿತು. '12 ಅಂದಿರಿ, ಹತ್ತೇ ಉಳಿಯಿತಲ್ಲ' ಎಂದು ಖಜಾಂಚಿ ಕೇಳಿದಾಗ ಲೆಕ್ಕ ಅವರ ಕೈಯಲ್ಲೇ ಇತ್ತು: 2 ಸೆಂಟಿಮೀಟರ್ ಎಂದರೆ ಗಂಟೆಗೆ 83 ಲೀಟರ್, 50 ಕಳೆದರೆ 33, ತಿಂಗಳಿಗೆ ಎರಡು ಲಾರಿ ಇನ್ನೂ ಸೋರುತ್ತಿದೆ. ಅದನ್ನು ಅವರೇ ಕೂಡಿಸಿ ಹೇಳಿದರು.

ನಿಮ್ಮ ವರದಿಗೂ ಒಂದು ಪರೀಕ್ಷೆ ಇದೆ. ಕೊಡುವ ಮೊದಲು, ವಿಷಯದ ಗಂಧವಿಲ್ಲದ ಒಬ್ಬರಿಗೆ ಮೊದಲ ಪ್ಯಾರಾ ಮಾತ್ರ ಓದಲು ಕೊಟ್ಟು, ಕಾಗದ ವಾಪಸ್ ತೆಗೆದುಕೊಂಡು, ಏನು ತಿಳಿಯಿತು ಎಂದು ಕೇಳಿ. 'ಟ್ಯಾಂಕ್ 6 ಸೆಂಟಿಮೀಟರ್ ಇಳಿಯುತ್ತದಂತೆ' ಎಂದರೆ ನೀವು ವಿಧಾನವನ್ನು ಮುಂದಿಟ್ಟಿದ್ದೀರಿ. '15 ಲಾರಿ ಸೋರುತ್ತದೆ, ಆ ಹುಡುಗರದೇ ಕೆಲಸ' ಎಂದರೆ ಮುಖ್ಯವಾದ ಮಿತಿ ಕೆಳಗೆ ಉಳಿದುಬಿಟ್ಟಿದೆ. 'ಹನ್ನೆರಡೋ ಹದಿನೈದೋ ಲಾರಿ ಹೋಗುತ್ತಿದೆ, ಎಲ್ಲಿ ಅಂತ ಇನ್ನೂ ನೋಡಬೇಕು' ಎಂದರೆ ವರದಿ ಸಿದ್ಧ.