ಕ್ರಿಯೇಟಿನ್‌ಗೆ ಭಾನುವಾರ ರಜೆ ಇಲ್ಲ

ಜಿಮ್‌ಗೆ ಹೋಗುವವರ ನಡುವೆ ಕ್ರಿಯೇಟಿನ್ ಬಗ್ಗೆ ಮುಗಿಯದ ವಾದವೊಂದಿದೆ. ವರ್ಕೌಟ್‌ಗೆ ಅರ್ಧ ಗಂಟೆ ಮುಂಚೆ ಕುಡಿಯಬೇಕು ಎನ್ನುವವರು ಕೆಲವರು. ಮುಗಿಸಿ ಬೆವರು ಆರುವುದರೊಳಗೆ ಕುಡಿಯದಿದ್ದರೆ ದುಡ್ಡು ದಂಡ ಎನ್ನುವವರು ಇನ್ನು ಕೆಲವರು. ಹೀಗೆ ವಾದಿಸುವವರಲ್ಲಿ ಅನೇಕರು ಭಾನುವಾರ ಜಿಮ್ ಬಾಗಿಲು ಹಾಕಿದರೆ ಡಬ್ಬಿಯನ್ನು ಮುಟ್ಟುವುದೇ ಇಲ್ಲ. ನಿಜವಾಗಿ ಯೋಚಿಸಬೇಕಾದದ್ದು ಆ ಭಾನುವಾರದ ಬಗ್ಗೆ.

ಕಾಫಿ ಕುಡಿದರೆ ಅದರ ಚುರುಕು ಗಂಟೆಯೊಳಗೆ ಗೊತ್ತಾಗುತ್ತದೆ. ಕ್ರಿಯೇಟಿನ್ ಹಾಗಲ್ಲ. ಇವತ್ತು ಕುಡಿದ ಪುಡಿಯಿಂದಲೇ ಇವತ್ತಿನ ಸ್ಕ್ವಾಟ್‌ಗೆ ಬಲ ಬರುವುದಿಲ್ಲ. 70 ಕೆಜಿ ತೂಕದವರ ದೇಹದಲ್ಲಿ ಸುಮಾರು 120 ಗ್ರಾಂ ಕ್ರಿಯೇಟಿನ್ ಮೊದಲೇ ಇರುತ್ತದೆ, ಅದರಲ್ಲಿ 95 ಪಾಲು ಸ್ನಾಯುಗಳಲ್ಲೇ. ಭಾರ ಎತ್ತುವಾಗ ಮೊದಲ ಹತ್ತು ಸೆಕೆಂಡುಗಳ ಬಿರುಸಿನ ಶಕ್ತಿಯನ್ನು ಮತ್ತೆ ಮತ್ತೆ ತುಂಬಿಕೊಡುವುದು ಈ ದಾಸ್ತಾನು. ಇದನ್ನು ಐದನೇ ಒಂದು ಭಾಗದಷ್ಟು ಹೆಚ್ಚಿಸಿಕೊಂಡರೆ ಸೆಟ್‌ನಲ್ಲಿ ಇನ್ನೊಂದೆರಡು ರೆಪ್ ಸಾಧ್ಯವಾಗಬಹುದು. ಪುಡಿ ಕುಡಿಯುವುದರ ಉದ್ದೇಶ ಇಷ್ಟೇ. ಮಾಂಸ, ಮೀನು ತಿನ್ನದವರ ಸ್ನಾಯುಗಳಲ್ಲಿ ದಾಸ್ತಾನು ಕಡಿಮೆಯಿರುವುದರಿಂದ ಸಾಮಾನ್ಯವಾಗಿ ಅವರಿಗೆ ಲಾಭ ಸ್ವಲ್ಪ ಹೆಚ್ಚು.

ಹಾಗಾದರೆ ಸಮಯದ ಮಾತು ಹುಟ್ಟಿದ್ದು ಎಲ್ಲಿಂದ? ಅದಕ್ಕೂ ಒಂದು ಆಧಾರವಿದೆ. 1992ರಲ್ಲಿ ರೋಜರ್ ಹ್ಯಾರಿಸ್ ಮತ್ತು ಸಂಗಡಿಗರು ಕೆಲವರಿಗೆ ಕ್ರಿಯೇಟಿನ್ ಕೊಟ್ಟು, ಒಂದೇ ಕಾಲಿಗೆ ವ್ಯಾಯಾಮ ಮಾಡಿಸಿದರು. ದುಡಿದ ಕಾಲು ಸುಮ್ಮನಿದ್ದ ಕಾಲಿಗಿಂತ ಹೆಚ್ಚು ಕ್ರಿಯೇಟಿನ್ ಹೀರಿಕೊಂಡಿತು. ಇದನ್ನು ಓದಿದ ಯಾರಿಗಾದರೂ ವ್ಯಾಯಾಮದ ಹೊತ್ತಿಗೇ ಕುಡಿಯುವುದು ಒಳ್ಳೆಯದು ಅನಿಸುವುದು ಸಹಜ. ಆದರೆ ಸ್ನಾಯುವಿಗೆ ಒಂದು ಮಿತಿಯಿದೆ. ಅದು ತುಂಬಿದ ಮೇಲೆ ಎಷ್ಟು ಕುಡಿದರೂ ಉಳಿದದ್ದು ಮೂತ್ರದ ಪಾಲು. 2013ರಲ್ಲಿ ಹೋಸೆ ಆಂಟೋನಿಯೊ ಅಮೆರಿಕದಲ್ಲಿ 19 ಹವ್ಯಾಸಿ ಬಾಡಿಬಿಲ್ಡರ್‌ಗಳಿಗೆ 4 ವಾರ 5 ಗ್ರಾಂ ಕೊಟ್ಟು ನೋಡಿದರು, ಅರ್ಧ ಮಂದಿಗೆ ಮುಂಚೆ, ಇನ್ನರ್ಧ ಮಂದಿಗೆ ಆಮೇಲೆ. ಆಮೇಲೆ ಕುಡಿದವರ ಕಡೆಗೆ ಅಂಕಿಗಳು ಕೊಂಚ ವಾಲಿದವು. ಆದರೆ ಅಷ್ಟು ಸಣ್ಣ ಗುಂಪಿನಲ್ಲಿ ಆ ವ್ಯತ್ಯಾಸ ಆಕಸ್ಮಿಕವಲ್ಲ ಎನ್ನಲು ಆಗುವಂತಿರಲಿಲ್ಲ. ‘ಆಮೇಲೆಯೇ ಕುಡಿಯಿರಿ’ ಎನ್ನುವವರು ಸಾಮಾನ್ಯವಾಗಿ ಇದನ್ನೇ ತೋರಿಸುತ್ತಾರೆ. ಒಂದು ಸಂಗತಿಯನ್ನು ಮಾತ್ರ ಬಿಟ್ಟುಬಿಡುತ್ತಾರೆ: ಆ ಪ್ರಯೋಗದಲ್ಲಿ ಎರಡೂ ಗುಂಪಿನವರು ರಜೆಯ ದಿನವೂ ತಮಗೆ ಅನುಕೂಲವಾದ ಹೊತ್ತಿನಲ್ಲಿ 5 ಗ್ರಾಂ ತೆಗೆದುಕೊಳ್ಳುತ್ತಿದ್ದರು.

ಈಗ ಭಾನುವಾರದ ಲೆಕ್ಕ. ದಾಸ್ತಾನಿನಲ್ಲಿ ದಿನಕ್ಕೆ ಹೆಚ್ಚುಕಡಿಮೆ 2 ಗ್ರಾಂ ತಾನಾಗಿಯೇ ಕ್ರಿಯಾಟಿನಿನ್ ಆಗಿ ಮಾರ್ಪಟ್ಟು ಮೂತ್ರದಲ್ಲಿ ಹೋಗುತ್ತದೆ. ನೀವು ಡಂಬೆಲ್ ಎತ್ತಿದರೂ ಹೋಗುತ್ತದೆ, ಸೋಫಾ ಮೇಲೆ ಮಲಗಿದರೂ ಹೋಗುತ್ತದೆ. ದಿನಕ್ಕೆ 3 ಗ್ರಾಂನಂತೆ ಬಿಡದೆ ಕುಡಿದರೆ ಸ್ನಾಯು ತುಂಬಲು ಸುಮಾರು 28 ದಿನ ಬೇಕು ಎಂಬುದು 1996ರ ಸ್ವೀಡನ್ನಿನ ಅಧ್ಯಯನವೊಂದರಲ್ಲಿ ಕಂಡಿತ್ತು. ಅಂದರೆ ಒಟ್ಟು 84 ಗ್ರಾಂ. ವಾರಕ್ಕೆ ಮೂರು ದಿನ ಜಿಮ್‌ಗೆ ಹೋಗಿ ಆ ಮೂರೇ ದಿನ 3 ಗ್ರಾಂ ಕುಡಿಯುವವರಿಗೆ ಅಷ್ಟು ಪುಡಿ ಒಳಹೋಗಲು ಒಂಬತ್ತು ವಾರ ದಾಟುತ್ತದೆ. ಅಷ್ಟರಲ್ಲಿ ದಿನವಹಿ ಸೋರಿಕೆ ನಿಂತಿರುವುದಿಲ್ಲ. ತಿಂಗಳಾದರೂ ಏನೂ ಗೊತ್ತಾಗಲಿಲ್ಲ ಎಂದು ಇಂಥವರು ಬ್ರ್ಯಾಂಡ್ ಬದಲಿಸುವುದುಂಟು. ಬದಲಾಗಬೇಕಾದದ್ದು ಬ್ರ್ಯಾಂಡ್ ಅಲ್ಲ, ವಾರದ ಒಟ್ಟು ಪ್ರಮಾಣ. ಇದೇ ಲೆಕ್ಕದಿಂದ ಇನ್ನೊಂದು ಮಾತೂ ಹೊರಡುತ್ತದೆ: ವಾರಕ್ಕೆ ನಾಲ್ಕು ದಿನ 5 ಗ್ರಾಂ ಕುಡಿಯುವವರಿಗೆ 20 ಗ್ರಾಂ ಸೇರುತ್ತದೆ, ದಿನವೂ 3 ಗ್ರಾಂ ಕುಡಿಯುವವರಿಗೆ 21. ಅಂಥವರು ದೊಡ್ಡದೇನನ್ನೂ ಕಳೆದುಕೊಳ್ಳುತ್ತಿಲ್ಲ.

ಊರಿಗೆ ಹೋದಾಗ ಒಂದು ದಿನ ತಪ್ಪಿತೆಂದು ಗಾಬರಿಯೂ ಬೇಡ. 120 ಗ್ರಾಂನಲ್ಲಿ 2 ಗ್ರಾಂ ಹೋದರೆ ಶೇಕಡ ಎರಡೂ ಅಲ್ಲ. ಪೂರ್ತಿ ನಿಲ್ಲಿಸಿದರೂ ದಾಸ್ತಾನು ಮೊದಲಿನ ಮಟ್ಟಕ್ಕೆ ಇಳಿಯಲು ನಾಲ್ಕಾರು ವಾರ ಬೇಕು. ತಪ್ಪಿದ್ದನ್ನು ತುಂಬಿಸಲು ಮರುದಿನ 10 ಗ್ರಾಂ ಒಟ್ಟಿಗೆ ಕುಡಿದರೆ ಹೊಟ್ಟೆ ಕೆಡಬಹುದು, ಬೇರೆ ಪ್ರಯೋಜನವಿಲ್ಲ. ಮರೆಯದಿರಲು ಬೆಳಗಿನ ತಿಂಡಿಯ ಜೊತೆಗೋ ರಾತ್ರಿಯ ಊಟದ ಜೊತೆಗೋ ಹೊಂದಿಸಿಕೊಂಡರೆ ಸಾಕು. ಬೆಳಿಗ್ಗೆಯೇ ಕಲಸಿ ಸಂಜೆಯವರೆಗೆ ಬಾಟಲಿಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಮಾತ್ರ ಒಳ್ಳೆಯದಲ್ಲ. ನೀರಿನಲ್ಲಿ, ಅದರಲ್ಲೂ ನಿಂಬೆರಸದಂಥ ಹುಳಿಯಲ್ಲಿ, ಕ್ರಿಯೇಟಿನ್ ನಿಧಾನವಾಗಿ ಒಡೆಯುತ್ತದೆ.

ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಶುರುಮಾಡಬಾರದು. ಆರೋಗ್ಯವಾಗಿರುವವರೂ ರಕ್ತ ಪರೀಕ್ಷೆಗೆ ಹೋದಾಗ ತಾವು ಇದನ್ನು ಕುಡಿಯುತ್ತಿರುವ ವಿಷಯ ಹೇಳಬೇಕು. ಕಿಡ್ನಿಯಲ್ಲಿ ದೋಷವಿಲ್ಲದಿದ್ದರೂ ಈ ಪುಡಿಯಿಂದ ಕ್ರಿಯಾಟಿನಿನ್ ಅಂಕಿ ಸ್ವಲ್ಪ ಏರಬಹುದು. ಅನುಮಾನ ಬಂದರೆ ವೈದ್ಯರು ಸಿಸ್ಟಾಟಿನ್ ಸಿ ಎಂಬ ಬೇರೆ ಪರೀಕ್ಷೆ ಮಾಡಿಸಬಹುದು. ಕ್ರಿಯೇಟಿನ್ ಕುಡಿದ ಮಾತ್ರಕ್ಕೆ ಅದರ ಅಂಕಿ ಏರುವುದಿಲ್ಲ.