ಮೂರು ಪಟ್ಟು ಪೈಪ್‌ಲೈನ್ ಇದ್ದೂ ಟಾರ್ಗೆಟ್ ತಪ್ಪುವುದೇಕೆ?

‘ಟಾರ್ಗೆಟ್ಟಿನ ಮೂರು ಪಟ್ಟು ಪೈಪ್‌ಲೈನ್ ಇದೆ, ಚಿಂತೆಯಿಲ್ಲ’ ಎಂಬ ಮಾತು ಮಾರಾಟ ವಿಭಾಗದ ಮೀಟಿಂಗುಗಳಲ್ಲಿ ಆಗಾಗ ಕೇಳಿಬರುತ್ತದೆ. ಪೈಪ್‌ಲೈನ್ ಎಂದರೆ ಗಿರಾಕಿಗಳ ಜತೆ ಮಾತುಕತೆ ನಡೆದಿದ್ದು ಇನ್ನೂ ಇತ್ಯರ್ಥವಾಗದ ವ್ಯವಹಾರಗಳ ಒಟ್ಟು ಮೊತ್ತ. ಅದನ್ನು ಟಾರ್ಗೆಟ್ಟಿನಿಂದ ಭಾಗಿಸಿದರೆ ಬರುವುದು ಕವರೇಜ್. ಮೂರು ಪಟ್ಟು ಸಾಕು ಎನ್ನುವವರು ಮೂರರಲ್ಲಿ ಒಂದು ಆರ್ಡರ್ ಬಂದೇ ಬರುತ್ತದೆ ಎಂದು ಒಳಗೊಳಗೇ ನಂಬಿರುತ್ತಾರೆ. ಆ ನಂಬಿಕೆ ನಿಜವೇ ಎಂದು ನೋಡುವವರು ಕಡಿಮೆ.

ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ನೋಡೋಣ. ಪೀಣ್ಯದಲ್ಲಿ ಏರ್ ಕಂಪ್ರೆಸರ್ ಮಾರುವ ಸಣ್ಣ ಕಂಪನಿಯೊಂದಿದೆ. ಜನವರಿಯಿಂದ ಮಾರ್ಚ್‌ವರೆಗೆ ಅದರ ಟಾರ್ಗೆಟ್ 120 ಲಕ್ಷ ರೂಪಾಯಿ. ಜನವರಿ 1ರಂದು ಕೈಯಲ್ಲಿರುವ ಪೈಪ್‌ಲೈನ್ 360 ಲಕ್ಷ. ಅಲ್ಲಿಗೆ ಕವರೇಜ್ ಸರಿಯಾಗಿ ಮೂರು ಪಟ್ಟು.

ಈಗ ಹಳೆಯ ದಾಖಲೆ ತೆಗೆಯಬೇಕು. ಈಗಾಗಲೇ ಇತ್ಯರ್ಥವಾದ 200 ಎನ್‌ಕ್ವೈರಿಗಳನ್ನು ಕಂಪನಿ ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿ ನೋಡಿತು. ಅವುಗಳಲ್ಲಿ 100 ಮಾತ್ರ ಫ್ಯಾಕ್ಟರಿಗೆ ಭೇಟಿ ಕೊಡುವ ಹಂತಕ್ಕೆ ಬಂದಿದ್ದವು. 50ಕ್ಕೆ ಕೊಟೇಶನ್ ಹೋಗಿತ್ತು, 20ರಲ್ಲಿ ದರದ ಚೌಕಾಸಿ ನಡೆದಿತ್ತು, ಕೊನೆಗೆ ಆರ್ಡರ್ ಆದದ್ದು 15. ಇದರಿಂದ ಪ್ರತಿ ಹಂತದ ಗೆಲುವಿನ ಪ್ರಮಾಣ ಸಿಗುತ್ತದೆ. ಎನ್‌ಕ್ವೈರಿಯ ಹಂತದಲ್ಲಿರುವುದು ಆರ್ಡರ್ ಆಗುವ ಸಾಧ್ಯತೆ ಶೇ. 7.5, ಭೇಟಿಯಾದದ್ದಕ್ಕೆ ಶೇ. 15, ಕೊಟೇಶನ್ ಹೋದದ್ದಕ್ಕೆ ಶೇ. 30, ಚೌಕಾಸಿಗೆ ಬಂದದ್ದಕ್ಕೆ ಶೇ. 75.

360 ಲಕ್ಷವನ್ನು ಹಂತವಾರು ಬಿಡಿಸಿದಾಗ ಚಿತ್ರವೇ ಬದಲಾಗುತ್ತದೆ. ಎನ್‌ಕ್ವೈರಿಯಲ್ಲೇ ಇರುವುದು 160 ಲಕ್ಷ, ಅದರಿಂದ ನಿರೀಕ್ಷಿಸಬಹುದಾದದ್ದು 12 ಲಕ್ಷ. ಭೇಟಿಯ ಹಂತದ 100 ಲಕ್ಷದಿಂದ 15, ಕೊಟೇಶನ್ನಿನ 80 ಲಕ್ಷದಿಂದ 24, ಚೌಕಾಸಿಯ 20 ಲಕ್ಷದಿಂದ 15. ಎಲ್ಲ ಕೂಡಿದರೆ 66 ಲಕ್ಷ, ಟಾರ್ಗೆಟ್ಟಿನ ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೆ. ಪೈಪ್‌ಲೈನಿನ ಬಹುಪಾಲು ಮೊದಲೆರಡು ಹಂತಗಳಲ್ಲೇ ಕೂತಿರುವಾಗ ಈ ಕಂಪನಿಗೆ ಬೇಕಾದ ಕವರೇಜ್ ಮೂರಲ್ಲ, ಹತ್ತಿರಹತ್ತಿರ ಐದೂವರೆ ಪಟ್ಟು.

ಆ 66 ಲಕ್ಷವೂ ಪೂರ್ತಿ ನಿಲ್ಲುವುದಿಲ್ಲ. ಇಲ್ಲಿ ಎನ್‌ಕ್ವೈರಿ ಆರ್ಡರ್ ಆಗಲು ಸಾಮಾನ್ಯವಾಗಿ ನಾಲ್ಕು ತಿಂಗಳು ಹಿಡಿಯುತ್ತದೆ. ಹೊಸದಾಗಿ ಬಂದ ಎನ್‌ಕ್ವೈರಿಗಳ ದುಡ್ಡು ಮಾರ್ಚ್ 31ರೊಳಗೆ ಬರುವುದು ಕಷ್ಟ. ಆ 12 ಲಕ್ಷ ಕಳೆದರೆ ಉಳಿಯುವುದು 54. ಮೂರೇ ತಿಂಗಳಲ್ಲಿ ಬಂದು ಅಷ್ಟರಲ್ಲೇ ಮುಗಿಯುವ ದಿಢೀರ್ ಆರ್ಡರುಗಳೂ ಇರುತ್ತವೆ. ಹಿಂದಿನ ಅನುಭವದಂತೆ ಅವು 20 ಲಕ್ಷ ಎಂದಿಟ್ಟುಕೊಂಡರೆ ಅಂದಾಜು 74 ಲಕ್ಷಕ್ಕೆ ಬರುತ್ತದೆ.

ಸರಾಸರಿಯ ಇನ್ನೊಂದು ಮಿತಿ ಕೊಟೇಶನ್ ಪಟ್ಟಿಯಲ್ಲಿದೆ. ಅಲ್ಲಿನ 80 ಲಕ್ಷದಲ್ಲಿ 40 ಲಕ್ಷ ಒಬ್ಬನೇ ಗಿರಾಕಿಯದು. ಶೇ. 30ರ ಲೆಕ್ಕದಲ್ಲಿ ಅದು 12 ಲಕ್ಷ. ಆದರೆ ಯಾರೂ 12 ಲಕ್ಷದ ಆರ್ಡರ್ ಕೊಡುವುದಿಲ್ಲ, ಕೊಟ್ಟರೆ 40, ಇಲ್ಲದಿದ್ದರೆ ಸೊನ್ನೆ. ಆದ್ದರಿಂದ ಅಂದಾಜನ್ನು ಎರಡಾಗಿ ಹೇಳುವುದೇ ಪ್ರಾಮಾಣಿಕ ಕ್ರಮ: ಆ ಆರ್ಡರ್ ಬಾರದಿದ್ದರೆ 62 ಲಕ್ಷ, ಬಂದರೆ 102. ಎರಡೂ 120ನ್ನು ಮುಟ್ಟುವುದಿಲ್ಲ ಎಂಬುದು ಜನವರಿಯಲ್ಲೇ ಗೊತ್ತಾಯಿತು.

ಇಷ್ಟೆಲ್ಲ ಲೆಕ್ಕ ನಿಂತಿರುವುದು ಗೆಲುವಿನ ಪ್ರಮಾಣದ ಮೇಲೆ, ಹೆಚ್ಚಿನವರು ಎಡವುವುದೂ ಅಲ್ಲೇ. ಕೊಟೇಶನ್ ಹೋದ 50ರಲ್ಲಿ 15 ಗೆದ್ದದ್ದು, 15ಕ್ಕೆ ಗಿರಾಕಿ ‘ಬೇಡ’ ಎಂದದ್ದು. ಉಳಿದ 20 ಗಿರಾಕಿಗಳು ಉತ್ತರವನ್ನೇ ಕೊಡಲಿಲ್ಲ. ಆ 20ನ್ನು ಬಿಟ್ಟು 30ರಲ್ಲಿ 15 ಎಂದು ಎಣಿಸಿದರೆ ಶೇ. 50 ಸಿಗುತ್ತದೆ, ಕೇಳಲು ಸೊಗಸು. ನಿಜವಾದದ್ದು ಶೇ. 30.

ಇಂಥ ಸತ್ತ ವ್ಯವಹಾರಗಳು ಈಗಿನ ಪೈಪ್‌ಲೈನಿನಲ್ಲೂ ಇರುತ್ತವೆ. ಗುರುತಿಸುವುದು ಕಷ್ಟವಲ್ಲ. ಕೊಟೇಶನ್ನಿನ ಅವಧಿ ಮುಗಿದಿದ್ದರೂ ಗಿರಾಕಿ ಹೊಸದನ್ನು ಕೇಳಿರುವುದಿಲ್ಲ. ಆರ್ಡರ್ ಬರುವ ದಿನಾಂಕ ಪ್ರತಿ ತಿಂಗಳೂ ಮುಂದಕ್ಕೆ ಹೋಗುತ್ತಿರುತ್ತದೆ. ಮಾರಾಟಗಾರನ ಟಿಪ್ಪಣಿಯಲ್ಲಿ ‘ಮುಂದಿನ ವಾರ ಫೋನ್ ಮಾಡ್ತಾರಂತೆ’ ಎಂಬುದೇ ಮತ್ತೆ ಮತ್ತೆ ಇರುತ್ತದೆ. ಇವನ್ನು ಪಟ್ಟಿಯಿಂದ ತೆಗೆದರೆ ಕವರೇಜ್ ಇಳಿಯುತ್ತದೆ. ಅದಕ್ಕೇ ಯಾರೂ ತೆಗೆಯಲು ಮುಂದಾಗುವುದಿಲ್ಲ.

ಕೊರತೆ ಜನವರಿಯಲ್ಲೇ ಕಂಡರೆ ಮಾಡುವ ಕೆಲಸವೂ ಸ್ಪಷ್ಟ. ಜಾಹೀರಾತು ಕೊಟ್ಟು ಎನ್‌ಕ್ವೈರಿ ಹೆಚ್ಚಿಸಿದರೆ ಅದರ ಫಲ ಬಹುಮಟ್ಟಿಗೆ ಏಪ್ರಿಲ್ ನಂತರ. ಈ ಮೂರು ತಿಂಗಳಿಗೆ ಬೇಕಾದದ್ದು ಕೊಟೇಶನ್ ಪಡೆದವರನ್ನು ಚೌಕಾಸಿಗೆ ಕೂರಿಸುವುದು. 50ರಲ್ಲಿ 20 ಮಾತ್ರ ದಾಟುವ ಆ ಮೆಟ್ಟಿಲೇ ಇವರ ಅತಿ ದುರ್ಬಲ ಮೆಟ್ಟಿಲು. ಅದರ ಜತೆಗೆ, ಮಾರ್ಚ್‌ನಲ್ಲಿ 120 ಲಕ್ಷ ಬರುತ್ತದೆಂದು ನಂಬಿ ಸ್ಟಾಕ್ ತರಿಸಿ ಸಾಲ ಮಾಡದಂತೆ ಅಕೌಂಟ್ಸ್ ವಿಭಾಗಕ್ಕೆ ಆ ಎರಡು ಅಂಕಿಗಳನ್ನು ಇಂದೇ ತಿಳಿಸಬೇಕು.